ಗಡಿ ದಾಟಿದ ದುಡಿಮೆ: ಅಂತರರಾಜ್ಯ ಕಟ್ಟಡ ಕಾರ್ಮಿಕರ ಪ್ರಯಾಣ ಭತ್ಯೆ

ಗೌರಿಬಿದನೂರು ತಾಲ್ಲೂಕಿನ ಜನರಿಗೆ ಆಂಧ್ರಪ್ರದೇಶದ ಹಿಂದೂಪುರವು ಸಂತೆ, ನೆಂಟಸ್ತನ, ಜಾತ್ರೆಗಳ ನೆರೆಯೂರು. ಗಡಿಯ ಎರಡೂ ಕಡೆ ತೆಲುಗು ಮತ್ತು ಕನ್ನಡ ಬೆರೆತ ಮಾತಿದೆ. ಆದರೂ ಹಿಂದೂಪುರದಿಂದ ಗಾರೆ ಕೆಲಸಕ್ಕೆಂದು ಕರೆತರಲ್ಪಟ್ಟವನು ಕಾನೂನಿನ ದೃಷ್ಟಿಯಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕನಾಗಬಲ್ಲನು. ರಾಯಚೂರಿನಿಂದ ನೂರಾರು ಕಿಲೋಮೀಟರ್ ಗುಳೆ ಬಂದು ಬೆಂಗಳೂರಿನಲ್ಲಿ ದುಡಿಯುವವನು ಹಾಗಾಗಲಾರನು. ಜನಪದರಲ್ಲಿ ವಲಸೆಯನ್ನು ಅಳೆಯುವುದು ಊರು ಬಿಟ್ಟ ದೂರದಿಂದ ಮತ್ತು ಕಾಲದಿಂದ. ಕಾನೂನು ಅಳೆಯುವುದು ರಾಜ್ಯದ ಗಡಿಯಿಂದ. ಈ ವ್ಯತ್ಯಾಸದ ಹಿನ್ನೆಲೆಯಲ್ಲಿ ಪ್ರಯಾಣ ಭತ್ಯೆಯೆಂಬ ಒಂದು ಹಕ್ಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಈ ಹಕ್ಕಿನ ಮೂಲವು ಒರಿಸ್ಸಾದಲ್ಲಿದೆ. ಅಲ್ಲಿ ಮುಂಗಡ ಹಣ ಕೊಟ್ಟು ದೂರದ ಕಾಮಗಾರಿಗಳಿಗೆ ಒಯ್ಯಲಾಗುತ್ತಿದ್ದವರನ್ನು 'ದಾದನ್' ಕೂಲಿಗಳೆಂದೂ, ಅವರನ್ನು ಕೂಡಿಸುತ್ತಿದ್ದವರನ್ನು ಸರ್ದಾರ ಅಥವಾ ಖಾತಾದಾರರೆಂದೂ ಕರೆಯುತ್ತಿದ್ದರು. ನಮ್ಮಲ್ಲಿ ಮೇಸ್ತ್ರಿಗಿರುವ ಸ್ಥಾನ ಅಲ್ಲಿ ಖಾತಾದಾರನದು. ಆ ಪದ್ಧತಿಯ ಶೋಷಣೆಯನ್ನು ತಡೆಯಲು ಒರಿಸ್ಸಾ 1975ರಲ್ಲಿ ಕಾಯಿದೆ ಮಾಡಿತು. ಒಂದು ರಾಜ್ಯದ ಕಾಯಿದೆ ಇನ್ನೊಂದು ರಾಜ್ಯದ ಕಾಮಗಾರಿಗೆ ತಲುಪದ ಕಾರಣ 1979ರಲ್ಲಿ ಸಂಸತ್ತು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯನ್ನು ರೂಪಿಸಿತು.

ಐದು ಅಥವಾ ಹೆಚ್ಚು ಅಂತರರಾಜ್ಯ ಕಾರ್ಮಿಕರಿರುವ ಸಂಸ್ಥೆಯ ಮಾಲೀಕನು ನೋಂದಣಿ ಮಾಡಿಸಬೇಕೆಂದೂ, ಗುತ್ತಿಗೆದಾರನು ಪರವಾನಗಿ ಪಡೆಯಬೇಕೆಂದೂ ಅದು ವಿಧಿಸಿತು. ಗುತ್ತಿಗೆದಾರನು ಪ್ರತಿ ಕಾರ್ಮಿಕನಿಗೆ ಭಾವಚಿತ್ರವುಳ್ಳ ಪಾಸ್‌ಬುಕ್ಕನ್ನು ಕೊಟ್ಟು, ಅದರಲ್ಲಿ ಕೂಲಿಯ ದರವನ್ನೂ ಸಲ್ಲಬೇಕಾದ ಭತ್ಯೆಗಳನ್ನೂ ಬರೆಯಬೇಕಿತ್ತು.

ಒಂದು ಕಲ್ಪಿತ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳಬಹುದು. ತಿಂಗಳಿಗೆ 13,000 ರೂಪಾಯಿ, ಅಂದರೆ 26 ದಿನಕ್ಕೆ ದಿನಕ್ಕೆ 500 ರೂಪಾಯಿ ಕೂಲಿಗೆ ಗುತ್ತಿಗೆದಾರನೊಬ್ಬನು ಒರಿಸ್ಸಾದಿಂದ ಚಿಕ್ಕಬಳ್ಳಾಪುರಕ್ಕೆ ಒಬ್ಬನನ್ನು ಕರೆತಂದನೆನ್ನೋಣ. ನೇಮಕಾತಿಯ ಸಮಯದಲ್ಲಿ ತಿಂಗಳ ಕೂಲಿಯ ಅರ್ಧ, ಅಂದರೆ 6,500 ರೂಪಾಯಿ, ಸ್ಥಳಾಂತರ ಭತ್ಯೆಯಾಗಿ ಸಲ್ಲಬೇಕಿತ್ತು. ಇದನ್ನು ಮರಳಿ ವಸೂಲು ಮಾಡುವಂತಿರಲಿಲ್ಲ. ಸಾಲವಾಗಿ ಕೊಡುವ ಮುಂಗಡಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಹೋಗಿಬರುವ ಎರಡೂ ಪ್ರಯಾಣಗಳ ದರವನ್ನು ಪ್ರತ್ಯೇಕವಾಗಿ ಕೊಡಬೇಕಿತ್ತು. ಪ್ರಯಾಣದ ದಿನಗಳನ್ನು ಕೆಲಸದ ದಿನಗಳೆಂದೇ ಗಣಿಸುತ್ತಿದ್ದುದರಿಂದ, ಒಂದೊಂದು ದಿಕ್ಕಿಗೆ ಎರಡು ದಿನ ಹಿಡಿದರೆ ಇನ್ನೂ 2,000 ರೂಪಾಯಿ ಕೂಲಿ ಸಲ್ಲುತ್ತಿತ್ತು. ಗುತ್ತಿಗೆದಾರನು ಕೊಡದಿದ್ದರೆ ಹೊಣೆ ಮೂಲ ಮಾಲೀಕನದು.

ಈ ಲೆಕ್ಕ ತಪ್ಪುತ್ತಿದ್ದುದು ವ್ಯಾಖ್ಯೆಯಲ್ಲಿ. ಗುತ್ತಿಗೆದಾರನ ಮೂಲಕ ಒಂದು ರಾಜ್ಯದಲ್ಲಿ ನೇಮಕಗೊಂಡು ಇನ್ನೊಂದರಲ್ಲಿ ದುಡಿಯುವವನು ಮಾತ್ರ ಕಾಯಿದೆಯ ಕಾರ್ಮಿಕನು. ನೆಂಟರ ಜೊತೆ ರೈಲು ಹತ್ತಿ ಬಂದವನಿಗೆ ಅದು ಅನ್ವಯಿಸುತ್ತಿರಲಿಲ್ಲ. ಆದ್ದರಿಂದ 'ಇವರೆಲ್ಲ ತಾವಾಗಿಯೇ ಬಂದವರು' ಎಂಬ ಮೇಸ್ತ್ರಿಯ ಒಂದು ಮಾತು ಎಲ್ಲ ಭತ್ಯೆಗಳನ್ನೂ ಅಳಿಸಬಲ್ಲುದಾಗಿತ್ತು. ಪಾಸ್‌ಬುಕ್ ಇಲ್ಲದವನ ಬಳಿ ಅದನ್ನು ಅಲ್ಲಗಳೆಯುವ ಬರಹದ ಆಧಾರವೂ ಇರುತ್ತಿರಲಿಲ್ಲ.

ಇದರ ಪರಿಣಾಮ 2020ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಮೇ 5ರಂದು, ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆಸಿದ ನಂತರ, ಕರ್ನಾಟಕ ಸರ್ಕಾರವು ಶ್ರಮಿಕ ರೈಲುಗಳಿಗೆ ಸಲ್ಲಿಸಿದ್ದ ಕೋರಿಕೆಯನ್ನು ಹಿಂಪಡೆಯಿತು. ವ್ಯಾಪಕ ಟೀಕೆಯ ನಂತರ ರೈಲುಗಳು ಮತ್ತೆ ಹೊರಟವು. ಮರುಪ್ರಯಾಣದ ದರ ಯಾರದೆಂಬ ಪ್ರಶ್ನೆಗೆ 1979ರ ಕಾಯಿದೆಯಲ್ಲೇ ಉತ್ತರವಿದ್ದರೂ, ಕಾರ್ಮಿಕರಿಂದ ದರ ಪಡೆಯಕೂಡದೆಂದು ಮೇ 28ರಂದು ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. 2021ರ ಜೂನ್ 29ರ ತೀರ್ಪಿನಲ್ಲಿ ಅದು ಸಂಸ್ಥೆಗಳ ನೋಂದಣಿಯನ್ನೂ ಗುತ್ತಿಗೆದಾರರ ಪರವಾನಗಿಯನ್ನೂ ಖಚಿತಪಡಿಸಬೇಕೆಂದು ರಾಜ್ಯಗಳಿಗೆ ನಿರ್ದೇಶಿಸಿತು.

ಕಲ್ಯಾಣ ಮಂಡಳಿಯ ಸೌಲಭ್ಯ ಇದಕ್ಕಿಂತ ಭಿನ್ನ. ಅದಕ್ಕೆ ಕಾರ್ಮಿಕನೇ ಹೆಸರು ನೋಂದಾಯಿಸಬೇಕು. 1996ರ ಕಟ್ಟಡ ಕಾರ್ಮಿಕರ ಕಾಯಿದೆಯಂತೆ 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಯಾರೂ ಅರ್ಹರು. ಅವರು ಯಾವ ರಾಜ್ಯದವರೆಂಬುದು ಅಡ್ಡಿಯಲ್ಲ. ಆದರೆ 90 ದಿನಗಳ ದೃಢೀಕರಣ ಬೇಕು. ಒಂದೊಂದು ಕಟ್ಟಡದಲ್ಲಿ ತಿಂಗಳಷ್ಟೇ ನಿಲ್ಲುವವನಿಗೆ ಅದನ್ನು ಒದಗಿಸುವುದು ಕಷ್ಟ. ಮೇಲಾಗಿ ನಿಧಿಯು ಆಯಾ ರಾಜ್ಯದ ಮಂಡಳಿಯದಾದ್ದರಿಂದ, ಗಡಿ ದಾಟಿದವನ ನೋಂದಣಿ ಹಿಂದೆಯೇ ಉಳಿಯುತ್ತಿತ್ತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಎರಡೂ ಕಾಯಿದೆಗಳ ಸ್ಥಾನವನ್ನು ಪಡೆದಿವೆ. ತಾನಾಗಿ ಬಂದು ಕೆಲಸ ಪಡೆದವನನ್ನೂ, ಕೂಲಿ ತಿಂಗಳಿಗೆ 18,000 ರೂಪಾಯಿ ಮೀರದಿದ್ದರೆ, ಈಗ ಅಂತರರಾಜ್ಯ ಕಾರ್ಮಿಕನೆಂದೇ ಗಣಿಸಲಾಗುತ್ತದೆ. ಹೀಗೆ ಮೇಸ್ತ್ರಿಯ ಹಳೆಯ ನೆಪ ಕಾನೂನಿನಲ್ಲಿ ಬಲ ಕಳೆದುಕೊಂಡಿದೆ. ದುಡಿಯುವ ರಾಜ್ಯದಲ್ಲಿಯೇ ಕಟ್ಟಡ ಕಾರ್ಮಿಕರ ನಿಧಿಯ ಪ್ರಯೋಜನ ದೊರೆಯುವಂತೆ ಸರ್ಕಾರ ಯೋಜನೆ ರೂಪಿಸಬೇಕೆಂದೂ ಸಂಹಿತೆ ಹೇಳುತ್ತದೆ. ಆದರೆ ಸ್ಥಳಾಂತರ ಭತ್ಯೆ ಕೈಬಿಟ್ಟಿದೆ. ಪ್ರಯಾಣ ಭತ್ಯೆಯು ವರ್ಷಕ್ಕೊಮ್ಮೆಯ ಇಡಿಗಂಟಾಗಿದೆ. ಕಾರ್ಮಿಕರ ಕನಿಷ್ಠ ಸಂಖ್ಯೆ ಐದರಿಂದ ಹತ್ತಕ್ಕೇರಿದೆ. ಆರೇಳು ಜನರ ಗುಂಪಾಗಿ ಹಿಂದೂಪುರದಿಂದ ಬಂದು ಸಣ್ಣ ಮನೆಗಳನ್ನು ಕಟ್ಟುವವರು, ಹಿಂದೆ ವ್ಯಾಖ್ಯೆಯಿಂದ ಹೊರಗುಳಿದಂತೆಯೇ, ಈಗ ಸಂಖ್ಯೆಯಿಂದ ಹೊರಗುಳಿಯುತ್ತಾರೆ.