ಹೊಸ ಸೇವೆ ಶುರುವಾಗಿದೆ ಎಂದು ಲಿಂಕ್ಡ್‌ಇನ್‌ನಲ್ಲಿ ಬರೆಯುವ ಬಗೆ

ಫ್ರೀಲಾನ್ಸ್ ಕೆಲಸಕ್ಕೆ ಇಳಿದವರು ಲಿಂಕ್ಡ್‌ಇನ್‌ನಲ್ಲಿ ಹಾಕುವ ಮೊದಲ ಪೋಸ್ಟ್ ಹೆಚ್ಚಾಗಿ ಅವರ ಬಗ್ಗೆಯೇ ಇರುತ್ತದೆ: ಹಳೆಯ ನೌಕರಿ, ಕಂಡ ಕನಸು, ಕೈಹಿಡಿದವರಿಗೆ ಕೃತಜ್ಞತೆ. ಸ್ನೇಹಿತರು ಅಭಿನಂದಿಸುತ್ತಾರೆ, ಕೆಲಸ ಕೊಡುವವರು ಮುಂದೆ ಹೋಗುತ್ತಾರೆ. ಪೋಸ್ಟ್‌ಗೆ 3,000 ಅಕ್ಷರಗಳವರೆಗೆ ಅವಕಾಶವಿದ್ದರೂ ಫೀಡಿನಲ್ಲಿ ಕಾಣುವುದು ಮೊದಲ ಕೆಲವು ಸಾಲುಗಳು ಮಾತ್ರ. ಉಳಿದದ್ದನ್ನು ಓದಲು ಒತ್ತಿ ತೆರೆಯಬೇಕು. ಆದ್ದರಿಂದ ಯಾವ ಕೆಲಸ, ಯಾರಿಗೆ ಎಂಬುದು ಮೊದಲ ವಾಕ್ಯದಲ್ಲೇ ಬರಬೇಕು.

ಅನುವಾದಕರೊಬ್ಬರು ಸೇವೆ ಆರಂಭಿಸುತ್ತಿದ್ದಾರೆ ಎಂದುಕೊಂಡರೆ, ಪೋಸ್ಟ್ ಹೀಗಿರಬಹುದು:

“ಗೃಹೋಪಯೋಗಿ ಯಂತ್ರಗಳ ಬಳಕೆಯ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸಿಕೊಡುತ್ತೇನೆ. ಇಂಗ್ಲಿಷ್ ಮೂಲದ ಪ್ರತಿ ಪದಕ್ಕೆ 2 ರೂಪಾಯಿ. 2,000 ಪದಗಳವರೆಗಿನ ಕೈಪಿಡಿಗೆ ನಾಲ್ಕು ಕೆಲಸದ ದಿನ ಬೇಕು. ಒಂದು ಸುತ್ತಿನ ತಿದ್ದುಪಡಿ ಇದರಲ್ಲೇ ಸೇರಿದೆ. ಪುಟವಿನ್ಯಾಸ ಮತ್ತು ಕಾನೂನು ಪತ್ರಗಳ ಅನುವಾದ ಮಾಡುವುದಿಲ್ಲ. ಈ ತಿಂಗಳು ಎರಡು ಕೆಲಸ ಒಪ್ಪಿಕೊಳ್ಳಬಲ್ಲೆ. ಮಾದರಿ ಪುಟ ಬೇಕಿದ್ದವರು ಮೆಸೇಜ್ ಮಾಡಿ.”

ಇಲ್ಲಿ ದರವನ್ನು ಮೂಲದ ಪದಕ್ಕೆ ಕಟ್ಟಿರುವುದಕ್ಕೆ ಕಾರಣವಿದೆ. ವಿಭಕ್ತಿ, ಪ್ರತ್ಯಯಗಳು ಪದದೊಳಗೇ ಸೇರುವುದರಿಂದ ಕನ್ನಡದಲ್ಲಿ ಪದಗಳ ಎಣಿಕೆ ಇಂಗ್ಲಿಷಿಗಿಂತ ಸಾಮಾನ್ಯವಾಗಿ ಕಡಿಮೆ. ಯಾವ ಭಾಷೆಯ ಪದ ಎಂದು ಹೇಳದಿದ್ದರೆ ಬಿಲ್ಲಿನ ದಿನ ತಕರಾರು ಖಚಿತ. ಮೂಲದ ಪದಗಳಾದರೆ ಕೆಲಸ ಶುರುವಾಗುವ ಮೊದಲೇ ಇಬ್ಬರೂ ಎಣಿಸಬಹುದು. 2,000 ಪದಕ್ಕೆ 4,000 ರೂಪಾಯಿ ಎಂದು ಆಗಲೇ ಗೊತ್ತಾಗುತ್ತದೆ. ತಿದ್ದುಪಡಿಗೆ ಮಿತಿ ಹಾಕದವರು ತಿಂಗಳುಗಟ್ಟಲೆ ಅದೇ ಕಡತಕ್ಕೆ ಅಂಟಿಕೊಂಡಿರಬೇಕಾಗುತ್ತದೆ. ಮಾಡದ ಕೆಲಸವನ್ನು ಹೆಸರಿಸುವುದು ಗಿರಾಕಿಯನ್ನು ಓಡಿಸುತ್ತದೆ ಎಂಬ ಅಂಜಿಕೆ ಅನೇಕರಿಗಿದೆ. ಅದರಿಂದ ದೂರವಾಗುವುದು ಬೇರೆ ಕೆಲಸ ಹುಡುಕುತ್ತಿರುವವರು ಮಾತ್ರ.

ಉತ್ಪ್ರೇಕ್ಷೆಯನ್ನು ಗುರುತಿಸಲು ಸುಲಭದ ದಾರಿಯಿದೆ: ಓದುಗರು ಪರೀಕ್ಷಿಸಿ ನೋಡಲಾಗದ ಮಾತನ್ನೆಲ್ಲ ಹೊಡೆದುಹಾಕುವುದು. “ಅತ್ಯುತ್ತಮ ಗುಣಮಟ್ಟ”, “ನೂರಕ್ಕೆ ನೂರು ತೃಪ್ತಿ” ಇಂಥವು ಹೋಗಬೇಕು. ಅವುಗಳ ಜಾಗಕ್ಕೆ ಒಂದು ಮಾದರಿ ಪುಟ ಬಂದರೆ ಸಾಕು. ಹಳೆಯ ಗಿರಾಕಿಯ ಕೆಲಸವನ್ನೇ ಮಾದರಿಯಾಗಿ ತೋರಿಸುವುದಾದರೆ ಅವರ ಒಪ್ಪಿಗೆ ಬೇಕು. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದರಂತೂ ಹೊಸದಾಗಿ ಒಂದು ಪುಟ ಅನುವಾದಿಸುವುದೇ ಕ್ಷೇಮ.

ಪೋಸ್ಟ್ ಸರಿಯಾಗಿದೆಯೇ ಎಂಬುದನ್ನು ಲೈಕುಗಳಿಗಿಂತ ಬಂದ ಮೆಸೇಜುಗಳೇ ಚೆನ್ನಾಗಿ ಹೇಳುತ್ತವೆ. “ನೀವು ಏನು ಮಾಡ್ತೀರಿ?” ಎಂದು ಕೇಳಿದರೆ ಮೊದಲ ವಾಕ್ಯ ಸೋತಿದೆ. “ನಮ್ಮ ಕೈಪಿಡಿ 3,500 ಪದ ಇದೆ, ಯಾವಾಗ ಕೊಡಬಹುದು?” ಎಂದು ಕೇಳಿದರೆ ಪೋಸ್ಟ್ ತನ್ನ ಕೆಲಸ ಮಾಡಿದೆ.

ಈ ದಾರಿ ಎಲ್ಲ ವೃತ್ತಿಗಳಿಗೂ ತೆರೆದಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36ರ ಪ್ರಕಾರ ವಕೀಲರು ಜಾಹೀರಾತಿನ ಮೂಲಕ ಕಕ್ಷಿದಾರರನ್ನು ಕೋರುವಂತಿಲ್ಲ.