ಧರ್ಮಾರ್ಥ ಚಿಕಿತ್ಸೆಯ ವೆಚ್ಚ

ಮೂತ್ರಪಿಂಡಗಳು ಕೆಟ್ಟವರ ರಕ್ತವನ್ನು ಯಂತ್ರದಿಂದ ಶುದ್ಧಿಗೊಳಿಸುವ ಡಯಾಲಿಸಿಸ್ ಚಿಕಿತ್ಸೆಯು, 2016ರ ರಾಷ್ಟ್ರೀಯ ಯೋಜನೆಯ ಮೇರೆಗೆ, ಬಡತನದ ರೇಖೆಯ ಕೆಳಗಿನವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ದೊರೆಯುತ್ತದೆ. ಆದರೂ ಮನೆಯ ಗಂಟು ಕರಗುವುದೇಕೆ?

ಅಳದಂಗಡಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಬೀಡಿ ಕಟ್ಟುವ ತಾಯಿಯನ್ನು ರಬ್ಬರ್ ಟ್ಯಾಪಿಂಗ್ ಮಾಡುವ ಮಗನು ವಾರಕ್ಕೆರಡು ಸಲ ಬೆಳ್ತಂಗಡಿಗೆ ಕರೆದೊಯ್ಯುತ್ತಾನೆ. ಬಾಡಿಗೆ ರಿಕ್ಷಾ, ಊಟ, ಹೊರಗೆ ಕೊಳ್ಳುವ ಮದ್ದು ಎಲ್ಲ ಸೇರಿ ಸಲಕ್ಕೆ 1,000 ರೂಪಾಯಿ ಎಂದಿಟ್ಟರೆ, ವರ್ಷದ 104 ಸರದಿಗಳಿಗೆ 1,04,000. ಇದು ಪ್ರತ್ಯಕ್ಷ ವೆಚ್ಚ. ಇದಕ್ಕಾಗಿ ಮಾಡಿದ ಸಾಲವನ್ನು ಮತ್ತೆ ವೆಚ್ಚವೆಂದು ಬರೆಯಲಾಗದು. ಅದರ ಬಡ್ಡಿಯನ್ನು ಮಾತ್ರ ಬರೆಯಬೇಕು.

ಪರೋಕ್ಷ ನಷ್ಟಕ್ಕೆ ರಶೀದಿಯಿಲ್ಲ. ತಾಯಿಯ ನಷ್ಟವನ್ನು ಯಂತ್ರದ ಬಳಿ ಕಳೆದ ನಾಲ್ಕು ಗಂಟೆಗಳಿಂದ ಅಳೆದರೆ ಸಾಲದು. ಮರುದಿನದ ದಣಿವಿನಲ್ಲಿ ಕಟ್ಟದೆ ಉಳಿದ ಬೀಡಿಗಳನ್ನೂ ಎಣಿಸಬೇಕು. ಆಕೆ ಕೆಲಸವನ್ನೇ ಬಿಟ್ಟಿದ್ದರೆ ಇಡೀ ಸಂಪಾದನೆಯನ್ನು ಒಮ್ಮೆ ಬರೆದು, ಸರದಿಯ ದಿನಗಳನ್ನು ಪುನಃ ಸೇರಿಸದಿರಬೇಕು. ಮಗನ ಕೂಲಿ ದಿನಕ್ಕೆ 600 ರೂಪಾಯಿಯಾದರೆ ವರ್ಷಕ್ಕೆ 62,400. ಆದರೆ ಟ್ಯಾಪಿಂಗ್ ನಸುಕಿನ ಕೆಲಸವಷ್ಟೆ! ಸರದಿ ಬೆಳಿಗ್ಗೆ ಬಿದ್ದರೆ ಇಷ್ಟೂ ಹೋಯಿತು. ಮಧ್ಯಾಹ್ನ ಬಿದ್ದರೆ ಬಹುಪಾಲು ಉಳಿಯಿತು. ಆಸ್ಪತ್ರೆಯ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ.