ಲಾವಾರಸಕ್ಕಿಂತ ಘೋರ: ಬಿಸಿಬೂದಿಯ ಪ್ರವಾಹ, ಕೆಸರಿನ ಹೊಳೆ

1600ರಿಂದೀಚೆಗೆ ಜ್ವಾಲಾಮುಖಿಗಳಿಂದ ಸತ್ತವರ ಸಂಖ್ಯೆ ಸುಮಾರು 2,80,000 ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಇವರಲ್ಲಿ ಲಾವಾರಸಕ್ಕೆ ಬಲಿಯಾದವರು ನೂರಕ್ಕೆ ಒಬ್ಬರೂ ಇಲ್ಲ. ಸರಿಸುಮಾರು ಮೂರನೇ ಒಂದು ಪಾಲು ಜನರನ್ನು ಕೊಂದದ್ದು ಪೈರೋಕ್ಲಾಸ್ಟಿಕ್ ಪ್ರವಾಹ, ಅಂದರೆ ಬೂದಿ, ಕಲ್ಲು ಮತ್ತು ಕಾದ ಅನಿಲ ಒಂದಾಗಿ ಬೆಟ್ಟದಿಂದ ಕೆಳಗೆ ನುಗ್ಗುವ ಹರಿವು. ಇನ್ನೊಂದು ದೊಡ್ಡ ಪಾಲು ಲಾಹಾರ್ ಎಂದು ಕರೆಯುವ ಜ್ವಾಲಾಮುಖಿ ಕೆಸರಿನ ಹೊಳೆಯದು. ಉಳಿದವರಲ್ಲಿ ಹೆಚ್ಚಿನವರು ಸುನಾಮಿ, ಹಸಿವು, ರೋಗಗಳಿಗೆ ತುತ್ತಾದವರು.

ಲಾವಾರಸ ಕೊಲ್ಲದಿರುವುದಕ್ಕೆ ಅದರ ನಿಧಾನವೇ ಕಾರಣ. ಕರಗಿದ ಕಲ್ಲಿನ ಬಿಸಿ ಸಾವಿರ ಡಿಗ್ರಿ ದಾಟಿದರೂ ಅದು ಅಂಟಂಟಾದ ವಸ್ತು. ಸಮತಟ್ಟಾದ ನೆಲಕ್ಕೆ ಬಂದ ಮೇಲೆ ಸಾಮಾನ್ಯವಾಗಿ ಮನುಷ್ಯನ ನಡಿಗೆಗಿಂತ ನಿಧಾನವಾಗಿ ತೆವಳುತ್ತದೆ. ಮನೆ, ತೋಟ, ರಸ್ತೆಗಳನ್ನು ಅದು ನುಂಗುತ್ತದೆ, ಆದರೆ ಮನೆಯವರಿಗೆ ಗಂಟುಮೂಟೆ ಕಟ್ಟಿಕೊಂಡು ಹೊರಡಲು ಸಮಯ ಇರುತ್ತದೆ. ಇದಕ್ಕೆ ಅಪವಾದಗಳಿವೆ. ಕಾಂಗೋದ ನ್ಯಿರಗಾಂಗೊ ಬೆಟ್ಟದಿಂದ 1977ರಲ್ಲಿ ಹರಿದ ಅತಿ ತೆಳು ಲಾವಾ ಕಡಿದಾದ ಇಳಿಜಾರಿನಲ್ಲಿ ವಾಹನದ ವೇಗ ಪಡೆದು ಜನರನ್ನು ಕೊಂದಿತು. ಆದರೆ ಅಂಥ ಘಟನೆಗಳು ಬೆರಳೆಣಿಕೆಯಷ್ಟು.

ಲಾವಾ ಹೀಗೆ ಸಲೀಸಾಗಿ ಹರಿಯಬೇಕಾದರೆ ಒಳಗಿನ ಶಿಲಾಪಾಕ ತೆಳುವಾಗಿರಬೇಕು. ಬೆಳಗಾವಿ, ವಿಜಯಪುರದ ಕಡೆಯ ಕಪ್ಪು ಬಸಾಲ್ಟ್ ಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಅಂಥ ತೆಳು ಶಿಲಾಪಾಕವೇ ಪದರ ಪದರವಾಗಿ ಹರಡಿ ಆರಿದ್ದು. ಆದರೆ ಸಿಲಿಕಾ ಹೆಚ್ಚಿರುವ ಶಿಲಾಪಾಕ ಬಹಳ ಗಟ್ಟಿ. ಅದರಲ್ಲಿ ಕರಗಿರುವ ನೀರಾವಿ ಮತ್ತು ಇತರ ಅನಿಲಗಳು ಸುಲಭವಾಗಿ ಹೊರಬರಲಾರವು. ಮೇಲೇರುತ್ತಾ ಒತ್ತಡ ಇಳಿದಂತೆ ಅವು ಗುಳ್ಳೆಗಳಾಗಿ ಹಿಗ್ಗಿ ಇಡೀ ಶಿಲಾಪಾಕವನ್ನೇ ಚೂರುಚೂರು ಮಾಡುತ್ತವೆ. ಆಗ ಹೊರಬರುವುದು ರಸವಲ್ಲ, ಪುಡಿ: ನುಣ್ಣನೆ ಬೂದಿ, ಹಗುರ ಪ್ಯೂಮಿಸ್ ಕಲ್ಲು, ಕಾದ ಬಂಡೆ. ಆಕಾಶಕ್ಕೆದ್ದ ಬೂದಿಯ ಕಂಬ ತನ್ನ ಭಾರ ತಾಳಲಾರದೆ ಕುಸಿದಾಗ, ಇಲ್ಲವೇ ಬೆಟ್ಟದ ತುದಿಯಲ್ಲಿ ಗುಡ್ಡೆಯಾಗಿ ಬೆಳೆದ ಗಟ್ಟಿ ಲಾವಾ ಒಡೆದು ಬಿದ್ದಾಗ ಈ ಪುಡಿಯೆಲ್ಲ ಇಳಿಜಾರಿನಲ್ಲಿ ಕೆಳಗೆ ನುಗ್ಗುತ್ತದೆ.

ಒಣಪುಡಿ ನೀರಿನಂತೆ, ನೀರಿಗಿಂತಲೂ ಜೋರಾಗಿ ಹರಿಯುವುದು ನಂಬಲು ಕಷ್ಟವಾದರೂ ಕಾರಣ ಸರಳ. ಕಣಗಳ ನಡುವೆ ಸಿಕ್ಕಿಕೊಂಡ ಕಾದ ಅನಿಲ ಅವುಗಳ ಭಾರದ ಬಹುಪಾಲನ್ನು ತಾನೇ ಹೊರುತ್ತದೆ. ಕಣಕ್ಕೆ ಕಣ ಉಜ್ಜುವುದು ಕಡಿಮೆಯಾಗಿ ಹರಿವಿಗೆ ತಡೆಯೇ ಇಲ್ಲದಂತಾಗುತ್ತದೆ. ಎದುರಾದ ತಂಪು ಗಾಳಿಯನ್ನು ಪ್ರವಾಹ ಒಳಗೆಳೆದುಕೊಂಡಾಗ ಆ ಗಾಳಿಯೂ ಕಾದು ಹಿಗ್ಗಿ ಬೂದಿಯನ್ನು ಇನ್ನಷ್ಟು ಮೇಲೆತ್ತುತ್ತದೆ. ಬಿಸಿ ಸಾಮಾನ್ಯವಾಗಿ 200ರಿಂದ 700 ಡಿಗ್ರಿ ಸೆಲ್ಸಿಯಸ್. ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟುವುದು ಸಾಮಾನ್ಯ, ಕೆಲವೊಮ್ಮೆ ಅದರ ಹಲವು ಪಟ್ಟು. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಒಳಗೆ ಸಿಕ್ಕವರು ಸಾಯುವುದು ಹೆಚ್ಚಾಗಿ ಉಸಿರಾಟದಿಂದ. ಕಾದ ಬೂದಿ ತುಂಬಿದ ಗಾಳಿಯನ್ನು ಒಂದೆರಡು ಸಲ ಒಳಗೆಳೆದುಕೊಂಡರೆ ಸಾಕು, ಶ್ವಾಸನಾಳ ಸುಟ್ಟು ಹೋಗುತ್ತದೆ.

ಇದರಲ್ಲಿ ಇನ್ನೊಂದು ಮೋಸವಿದೆ. ಪ್ರವಾಹದ ಕೆಳಭಾಗ ದಟ್ಟ, ಅದು ಕಣಿವೆ ಹಿಡಿದು ಸಾಗುತ್ತದೆ. ಮೇಲಿನ ಭಾಗ ಬೂದಿ ಮತ್ತು ಅನಿಲದ ತೆಳು ಮೋಡ. ಕಣಿವೆ ತಿರುಗಿದಲ್ಲಿ ಕೆಳಗಿನದು ತಿರುಗಿದರೂ ಮೇಲಿನದು ತಿರುಗದೆ ದಿಣ್ಣೆ ಹತ್ತಿ ಆಚೆಗೆ ನುಗ್ಗಬಲ್ಲದು. ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ 1902ರ ಮೇ 8ರ ಬೆಳಿಗ್ಗೆ ಆದದ್ದು ಇದೇ. ಪೆಲೆ ಬೆಟ್ಟದಿಂದ ಇಳಿದ ದಟ್ಟ ಭಾಗ ನದಿಯ ಕಣಿವೆಯಲ್ಲಿ ಹೋಯಿತು. ಮೋಡ ಮಾತ್ರ ಕೆಲವೇ ನಿಮಿಷಗಳಲ್ಲಿ ಸೇಂಟ್ ಪಿಯೆರ್ ಪಟ್ಟಣವನ್ನು ಆವರಿಸಿ ಸುಮಾರು 28,000 ಜನರನ್ನು ಕೊಂದಿತು. ಬಂದರಿನಲ್ಲಿ ನಿಂತ ಹಡಗುಗಳಿಗೂ ಬೆಂಕಿ ಹತ್ತಿತು. ಬದುಕುಳಿದ ಬೆರಳೆಣಿಕೆಯ ಜನರಲ್ಲಿ ಒಬ್ಬ ದಪ್ಪ ಗೋಡೆಯ ಸೆರೆಕೋಣೆಯಲ್ಲಿದ್ದ ಕೈದಿ. ಜಪಾನಿನ ಉನ್‌ಜೆನ್ ಬೆಟ್ಟದಲ್ಲಿ 1991ರ ಜೂನ್ 3ರಂದು ಸತ್ತ 43 ಜನರ ಮೇಲೆ ಬಂದೆರಗಿದ್ದೂ ಮೋಡವೇ. ಅವರಲ್ಲಿ ಫ್ರಾನ್ಸಿನ ಮೋರಿಸ್ ಮತ್ತು ಕಾತಿಯಾ ಕ್ರಾಫ್ಟ್ ದಂಪತಿ ಇದ್ದರು. ಜಗತ್ತಿನ ನೂರಾರು ಜ್ವಾಲಾಮುಖಿಗಳನ್ನು ಹತ್ತಿರದಿಂದ ಕಂಡು ಚಿತ್ರೀಕರಿಸಿದವರು. ಅಷ್ಟು ಅನುಭವವೂ ಅವರನ್ನು ಉಳಿಸಲಿಲ್ಲ.

ಬಿಸಿಬೂದಿಯ ಪ್ರವಾಹದ ಅಪಾಯ ಬಹುಮಟ್ಟಿಗೆ ಬೆಟ್ಟದ ಸುತ್ತ ಹತ್ತಿಪ್ಪತ್ತು ಕಿಲೋಮೀಟರಿಗೆ ಸೀಮಿತ. ಅದಕ್ಕೆ ನೀರು ಸೇರಿದರೆ ಸಾವು ಬಹಳ ದೂರ ಸಾಗುತ್ತದೆ. ಕೊಲಂಬಿಯಾದ ಆರ್ಮೆರೊ ಪಟ್ಟಣ ಇದಕ್ಕೆ ಅತ್ಯಂತ ದಾರುಣ ಸಾಕ್ಷಿ.

ಆಂಡಿಸ್ ಪರ್ವತಶ್ರೇಣಿಯ ನೆವಾಡೊ ಡೆಲ್ ರುಯಿಸ್ ಬೆಟ್ಟ 5,300 ಮೀಟರಿಗೂ ಎತ್ತರ. ಸಮಭಾಜಕದ ಹತ್ತಿರವಿದ್ದರೂ ತಲೆಯ ಮೇಲೆ ಹಿಮದ ಹೊದಿಕೆ ಇದೆ. ಆರ್ಮೆರೊ ಅಲ್ಲಿಂದ ಕಣಿವೆಯ ದಾರಿಯಲ್ಲಿ 70 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಲಗುನಿಯ ನದಿ ಬೆಟ್ಟಗಳ ನಡುವಿನಿಂದ ಬಯಲಿಗೆ ಬರುವ ಬಾಯಲ್ಲಿತ್ತು. ಹತ್ತಿ, ಭತ್ತ ಬೆಳೆಯುವ ಫಲವತ್ತಾದ ನೆಲ. ಆ ನೆಲವೇ ಹಿಂದಿನ ಕೆಸರಿನ ಹೊಳೆಗಳು ತಂದು ಹಾಕಿದ್ದು. 1595ರಲ್ಲಿ ಮತ್ತು 1845ರಲ್ಲಿ ಇದೇ ಕಣಿವೆಯಲ್ಲಿ ಲಾಹಾರ್ ಬಂದಿತ್ತು. 1845ರದ್ದು ಸುಮಾರು ಸಾವಿರ ಜನರನ್ನು ಬಲಿ ತೆಗೆದುಕೊಂಡಿತ್ತು. ಅದರ ಗಸಿಯ ಮೇಲೆಯೇ ಪಟ್ಟಣ ಎದ್ದಿತು.

1985ರ ಅಕ್ಟೋಬರಿನಲ್ಲಿ ತಜ್ಞರು ಅಪಾಯದ ನಕ್ಷೆಯೊಂದನ್ನು ಸಿದ್ಧಪಡಿಸಿದರು. ಆರ್ಮೆರೊ ಕೆಸರಿನ ಹಾದಿಯಲ್ಲಿದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ನವೆಂಬರ್ 13ರ ಮಧ್ಯಾಹ್ನ ಮೂರರ ಸುಮಾರಿಗೆ ಬೆಟ್ಟ ಸಿಡಿಯಿತು, ಸಂಜೆಯ ಹೊತ್ತಿಗೆ ಪಟ್ಟಣದಲ್ಲಿ ಬೂದಿ ಉದುರಿತು. ಗಾಬರಿ ಬೇಡ, ಮನೆಯಲ್ಲೇ ಇರಿ ಎಂಬ ಮಾತು ರೇಡಿಯೊದಲ್ಲಿ ಕೇಳಿಬಂತು. ರಾತ್ರಿ 9 ಗಂಟೆ 8 ನಿಮಿಷಕ್ಕೆ ಮುಖ್ಯ ಸ್ಫೋಟ. ಬೆಟ್ಟದ ತುದಿ ಮೋಡ ಮಳೆಗಳಲ್ಲಿ ಮುಚ್ಚಿಹೋಗಿದ್ದರಿಂದ ಕೆಳಗಿನವರಿಗೆ ಏನೂ ಕಾಣಲಿಲ್ಲ.

ಸ್ಫೋಟ ದೊಡ್ಡದೇನಲ್ಲ. ಹೊರಬಿದ್ದ ವಸ್ತು ಅಮೆರಿಕದ ಸೇಂಟ್ ಹೆಲೆನ್ಸ್ ಬೆಟ್ಟ 1980ರಲ್ಲಿ ಉಗುಳಿದ್ದರ ಶೇಕಡಾ 3ರಷ್ಟು ಮಾತ್ರ. ಆದರೆ ಅದು ಬಿದ್ದದ್ದು ಹಿಮದ ಮೇಲೆ. ಹಿಮದ ಮೇಲೆ ಬಿಸಿ ಬೂದಿ ಸುಮ್ಮನೆ ಕೂತಿದ್ದರೆ ಮೇಲ್ಪದರ ಮೆಲ್ಲಗೆ ಕರಗುತ್ತಿತ್ತು, ಅಷ್ಟೆ. ಪ್ರವಾಹ ಹಾಗೆ ಕೂರುವುದಿಲ್ಲ. ಹಿಮವನ್ನು ಕೆರೆದು, ಒಡೆದು, ತನ್ನೊಳಗೆ ಕಲಸಿಕೊಳ್ಳುತ್ತದೆ. ಪ್ರತಿ ಬಿಸಿ ಕಣಕ್ಕೂ ಹಿಮದ ಚೂರು ತಾಗುವುದರಿಂದ ನಿಮಿಷಗಳಲ್ಲೇ ಅಪಾರ ನೀರು ಹುಟ್ಟುತ್ತದೆ. ಅಂದು ಕರಗಿದ್ದು ಬೆಟ್ಟದ ಹಿಮದ ಸುಮಾರು ಹತ್ತನೇ ಒಂದು ಭಾಗ. ಅಷ್ಟೇ ಸಾಕಾಯಿತು.

ಆ ನೀರು ಕಡಿದಾದ ಕಣಿವೆಗಳಿಗೆ ಇಳಿದು ದಡದ ಮಣ್ಣು, ಬಂಡೆ, ಮರಗಳನ್ನು ಕಿತ್ತುಕೊಳ್ಳುತ್ತಾ ಹೋಯಿತು. ನೆರೆ ಸಾಮಾನ್ಯವಾಗಿ ದೂರ ಹೋದಂತೆ ಹರಡಿ ಕುಗ್ಗುತ್ತದೆ. ಲಾಹಾರ್ ಇಕ್ಕಟ್ಟಾದ ಕಣಿವೆಯಲ್ಲಿ ಹೋದಂತೆ ಹಿಗ್ಗುತ್ತದೆ. ರುಯಿಸ್‌ನಿಂದ ಹೊರಟ ಲಾಹಾರ್‌ಗಳು ಕೆಲವೆಡೆ ನಾಲ್ಕು ಪಟ್ಟು ಬೆಳೆದವು. ನೀರಿಗಿಂತ ಮಣ್ಣು ಕಲ್ಲುಗಳೇ ಹೆಚ್ಚಾದ ಮೇಲೆ ಅದು ತಾರಸಿಗೆ ಸುರಿಯುವ ಹಸಿ ಕಾಂಕ್ರೀಟಿನಂತಾಗುತ್ತದೆ: ತೂಕ ನೀರಿನ ಸುಮಾರು ಎರಡು ಪಟ್ಟು. ಈ ತೂಕದಿಂದಲೇ ಅದು ಮನೆ ಗಾತ್ರದ ಬಂಡೆಗಳನ್ನು ಹೊತ್ತು ಸಾಗುತ್ತದೆ, ಗೋಡೆಗಳನ್ನು ಕೆಡಹುತ್ತದೆ. ಅದರಲ್ಲಿ ಈಜಲಾಗದು. ಹರಿವು ನಿಂತ ಮೇಲೆ ಸಿಕ್ಕಿಕೊಂಡವರನ್ನು ಎಳೆಯಲೂ ಆಗದು, ಬಿಡಿಸಲು ಬಂದವರಿಗೆ ಕಾಲಿಡಲೂ ಆಗದು.

ಮುಖ್ಯ ಸ್ಫೋಟವಾದ ಸುಮಾರು ಎರಡೂವರೆ ಗಂಟೆಗಳ ನಂತರ, ರಾತ್ರಿ ಹನ್ನೊಂದೂವರೆಯ ಹೊತ್ತಿಗೆ, ಮೊದಲು ನೀರಿನ ಅಲೆ, ಅದರ ಬೆನ್ನಲ್ಲೇ ಕೆಸರಿನ ಅಲೆಗಳು ಆರ್ಮೆರೊಗೆ ಬಂದವು. ಪಟ್ಟಣದ ಸುಮಾರು 29,000 ಜನರಲ್ಲಿ 20,000ಕ್ಕೂ ಹೆಚ್ಚು ಜನ ಸತ್ತರು. ಬೆಟ್ಟದ ಇನ್ನೊಂದು ಬದಿಯ ಚಿಂಚಿನಾದಲ್ಲಿ ಮತ್ತೆ ಸುಮಾರು 1,900 ಜನ. ಎರಡೂವರೆ ಗಂಟೆ ಕಡಿಮೆ ಸಮಯವಲ್ಲ. ಎತ್ತರದ ದಿಬ್ಬಗಳು ನಡೆದು ತಲುಪುವಷ್ಟು ಹತ್ತಿರದಲ್ಲಿದ್ದವು. ಇಡೀ ದುರಂತವನ್ನು ಪರಿಶೀಲಿಸಿದ ಅಮೆರಿಕದ ವಿಜ್ಞಾನಿ ಬ್ಯಾರಿ ವಾಯ್ಟ್, ಸೋತದ್ದು ತಂತ್ರಜ್ಞಾನವಲ್ಲ, ಮನುಷ್ಯರ ತಪ್ಪೆಣಿಕೆ ಮತ್ತು ಅಧಿಕಾರಿಗಳ ಅನಿರ್ಧಾರ ಎಂದು ತೀರ್ಮಾನಿಸಿದರು. ಸುಳ್ಳು ಎಚ್ಚರಿಕೆ ಕೊಟ್ಟೆವೆಂಬ ಅಪವಾದಕ್ಕೆ ಹೆದರಿ ನಿಜವಾದ ಎಚ್ಚರಿಕೆಯನ್ನು ಕೊನೆಯ ಗಳಿಗೆಯವರೆಗೆ ತಡೆದದ್ದು ಕ್ಷಮಿಸಲಾಗದ ತಪ್ಪು.

ಲಾಹಾರ್‌ಗೆ ಸ್ಫೋಟವೇ ಬೇಕೆಂದೂ ಇಲ್ಲ. ನಿಕರಾಗುವಾದ ಕಸೀಟಾ ಬೆಟ್ಟ 1998ರಲ್ಲಿ ಮಿಚ್ ಚಂಡಮಾರುತದ ಮಳೆಗೆ ಕುಸಿದು, ಆ ಕೆಸರು ಎರಡು ಊರುಗಳನ್ನು ಹೂತು 2,000ಕ್ಕೂ ಹೆಚ್ಚು ಜನರನ್ನು ಕೊಂದಿತು. ಆಗ ಯಾವ ಸ್ಫೋಟವೂ ಆಗಿರಲಿಲ್ಲ. ಫಿಲಿಪ್ಪೀನ್ಸಿನ ಪಿನಟೂಬೊ 1991ರಲ್ಲಿ ಕಣಿವೆಗಳಲ್ಲಿ ತುಂಬಿದ ಬೂದಿಯನ್ನು ಪ್ರತಿ ಮಳೆಗಾಲವೂ ವರ್ಷಗಟ್ಟಲೆ ಕೆಸರಾಗಿ ಊರುಗಳ ಮೇಲೆ ತಂದು ಸುರಿಯಿತು. ಅದೇ ಪಿನಟೂಬೊದಲ್ಲಿ ಸ್ಫೋಟಕ್ಕೆ ಮೊದಲೇ ಸಾವಿರಾರು ಜನ ಜಾಗ ಖಾಲಿ ಮಾಡಲು ಒಪ್ಪಿದ್ದಕ್ಕೆ ಒಂದು ಕಾರಣ, ಬಿಸಿಬೂದಿ ಮತ್ತು ಕೆಸರಿನ ಹೊಳೆ ಹೇಗೆ ಬರುತ್ತವೆಂದು ತೋರಿಸುವ ವಿಡಿಯೊ. ಅದನ್ನು ಆರ್ಮೆರೊ ದುರಂತದ ನಂತರ ತಯಾರಿಸಿದವರು ಕ್ರಾಫ್ಟ್ ದಂಪತಿ.

ಇವೆರಡರಲ್ಲಿ ಬಿಸಿಬೂದಿಯ ಪ್ರವಾಹಕ್ಕೆ ಒಂದೇ ಉಪಾಯ: ಅದು ಹೊರಡುವ ಮೊದಲೇ ಜಾಗ ಬಿಡುವುದು. ಲಾಹಾರ್ ಹಾಗಲ್ಲ, ಅದು ಹೊರಟ ಮೇಲೂ ಸಮಯ ಕೊಡುತ್ತದೆ. ಬಂಡೆಗಳು ಉರುಳುವಾಗ ನೆಲ ನಡುಗುತ್ತದೆ; ಕಣಿವೆಯ ದಡದಲ್ಲಿ ಹೂತಿಟ್ಟ ಸಂವೇದಕಗಳು ಆ ನಡುಕವನ್ನು ಗ್ರಹಿಸಿ ಕೆಳಗಿನ ಊರಿಗೆ ಸೈರನ್ ಮೊಳಗಿಸಬಲ್ಲವು. ಉಪಕರಣವಿಲ್ಲದವರಿಗೂ ಮೇಲಿನಿಂದ ಹತ್ತಿರವಾಗುತ್ತಾ ಬರುವ ಗುಡುಗಿನಂಥ ಮೊರೆತವೇ ಸೂಚನೆ. ಆಗ ಕಣಿವೆಯುದ್ದಕ್ಕೂ ಓಡಬಾರದು, ಸೇತುವೆ ದಾಟಬಾರದು. ಪಕ್ಕದ ಎತ್ತರ ಹತ್ತಬೇಕು.

ಇದು ಸಾಧ್ಯವೆಂದು ಕೊಲಂಬಿಯಾವೇ ಮುಂದೆ ತೋರಿಸಿತು. 2007ರ ಏಪ್ರಿಲಿನಲ್ಲಿ ಅಲ್ಲಿನ ಇನ್ನೊಂದು ಹಿಮಬೆಟ್ಟ ನೆವಾಡೊ ಡೆಲ್ ಉಯಿಲಾ ಸಿಡಿದು ಪಾಯೆಸ್ ನದಿಯ ಕಣಿವೆಯಲ್ಲಿ ದೊಡ್ಡ ಲಾಹಾರ್ ಇಳಿಯಿತು. ಎಚ್ಚರಿಕೆ ಬೇಗ ಮುಟ್ಟಿತು, ಸಾವಿರಾರು ಜನ ರಾತ್ರೋರಾತ್ರಿ ದಿಬ್ಬ ಹತ್ತಿದರು, ಒಬ್ಬರೂ ಸಾಯಲಿಲ್ಲ. 2008ರ ನವೆಂಬರಿನಲ್ಲಿ ಅದಕ್ಕಿಂತಲೂ ದೊಡ್ಡ ಲಾಹಾರ್ ಅದೇ ಕಣಿವೆಯಲ್ಲಿ ಹರಿದಾಗ ಸತ್ತವರು ಸುಮಾರು ಹತ್ತು ಜನ.